ಬೆಂಗಳೂರಿನ ಕೆರೆದಂಡೆಗೆ ಹಿಮ ಬಿದ್ದಾಗ

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ಕಂಪ್ಯೂಟರಿನ ಒಂದು ಪಟ್ಟಿಯಲ್ಲಿ ತಪ್ಪು ಹೆಸರನ್ನು ಆರಿಸಿದರೆ ನಕ್ಷೆಯಲ್ಲಿ ಬೀಳುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಅಲ್ಲ, ಕೆರೆಯ ದಂಡೆಯುದ್ದಕ್ಕೂ ನೂರು ಮೀಟರಿಗೂ ಮಿಕ್ಕಿದ ಅಗಲದ ಪಟ್ಟಿಯಾಗಿ. ಬೆಳ್ಳಂದೂರು ಕೆರೆಯ ನೊರೆ ಕಂಡವರು ಇದನ್ನು ನಂಬಿಬಿಟ್ಟಾರು. ಆದರೆ ಈ ಹಿಮಕ್ಕೂ ಆ ನೊರೆಗೂ ಸಂಬಂಧವಿಲ್ಲ. ಇದು ಬರೀ ಲೆಕ್ಕದ ಸೃಷ್ಟಿ.

ನಾಸಾದ ಟೆರ್ರಾ ಮತ್ತು ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಉಪಕರಣದ ಮಾಹಿತಿಯಿಂದ ಇಡೀ ಭೂಮಿಗೆ ವರ್ಷಕ್ಕೊಂದರಂತೆ ಭೂಹೊದಿಕೆಯ ನಕ್ಷೆ ಸಿದ್ಧವಾಗುತ್ತದೆ. ಎಲ್ಲಿ ಕಾಡು, ಎಲ್ಲಿ ಹೊಲ, ಎಲ್ಲಿ ಊರು, ಎಲ್ಲಿ ನೀರು ಎಂದು ಹೇಳುವ ನಕ್ಷೆ ಇದು. ನೆಲವನ್ನು ಚೌಕಗಳಾಗಿ ಕೊಯ್ದು ಪ್ರತಿ ಚೌಕಕ್ಕೂ ಒಂದು ಸಂಖ್ಯೆ ಬರೆದಿಟ್ಟ ಇಂಥ ಕಡತಕ್ಕೆ ರಾಸ್ಟರ್ ಎನ್ನುತ್ತಾರೆ. ಮೋಡಿಸ್ ನಕ್ಷೆಯ ಒಂದು ಚೌಕ ಹೆಸರಿಗೆ 500 ಮೀಟರ್, ನಿಜಕ್ಕೆ ಸುಮಾರು 463 ಮೀಟರ್. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಪಟ್ಟಿಯಲ್ಲಿ ಹದಿನೇಳು ವರ್ಗಗಳಿವೆ. 12 ಎಂದರೆ ಬೆಳೆಭೂಮಿ, 13 ನಗರ, 14 ಹೊಲ-ಗಿಡಮರಗಳ ಮಿಶ್ರಣ, 15 ಶಾಶ್ವತ ಹಿಮ, 16 ಬಂಜರು, 17 ನೀರು.

ಈಗ ಒಬ್ಬರು ಈ ನಕ್ಷೆಯನ್ನು 30 ಮೀಟರಿನ ಎತ್ತರದ ನಕ್ಷೆಯೊಂದಿಗೆ ಸೇರಿಸಿ ಲೆಕ್ಕ ಹಾಕಬೇಕೆಂದುಕೊಳ್ಳಿ. ಎರಡರ ಚೌಕಗಳೂ ಒಂದೇ ಅಳತೆಯವಾಗಿರಬೇಕು, ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಹಾಗಾಗಿ ಮೋಡಿಸ್ ನಕ್ಷೆಯನ್ನು 30 ಮೀಟರಿಗೆ ಇಳಿಸುತ್ತಾರೆ. ಆಗ ತಂತ್ರಾಂಶ ಕೇಳುತ್ತದೆ: ಯಾವ ವಿಧಾನದಲ್ಲಿ? ‘ನಯವಾಗಿ ಬರಲಿ’ ಎಂದು ಬೈಲೀನಿಯರ್ ಆರಿಸಿದರೆ, ಅದು ಅಕ್ಕಪಕ್ಕದ ಚೌಕಗಳ ಸಂಖ್ಯೆಗಳನ್ನು ದೂರಕ್ಕೆ ತಕ್ಕಂತೆ ಬೆರೆಸುತ್ತದೆ. ನಗರದ 13ರಿಂದ ಕೆರೆಯ 17ಕ್ಕೆ ಹೋಗುವಾಗ ದಾರಿಯಲ್ಲಿ 14, 15, 16 ಬರಲೇಬೇಕು. 13ರ ಚೌಕದ ನಡುಬಿಂದುವಿನಿಂದ 17ರ ನಡುಬಿಂದುವಿಗೆ ಇರುವ 463 ಮೀಟರಿನಲ್ಲಿ ಕಾಲುಭಾಗ, ಅಂದರೆ ಸುಮಾರು 116 ಮೀಟರ್, ಪೂರ್ಣಾಂಕಕ್ಕೆ ತಿರುಗಿಸಿದಾಗ 15 ಆಗುತ್ತದೆ. ಒಂದು ಕಿಲೋಮೀಟರ್ ದಂಡೆಗೆ ಹನ್ನೊಂದೂವರೆ ಹೆಕ್ಟೇರ್ ಹಿಮ! ಅದರ ಎರಡೂ ಬದಿಗೆ ಇಲ್ಲದ ಬಂಜರು, ಇಲ್ಲದ ಹೊಲ.

ತಂತ್ರಾಂಶ ಇಲ್ಲಿ ಲೆಕ್ಕದಲ್ಲಿ ಎಡವಿಲ್ಲ. 13 ಮತ್ತು 17ರ ನಡುವೆ 15 ಇರುವುದು ನಿಜ. ಆದರೆ ಇಲ್ಲಿ ಸಂಖ್ಯೆ ಅಳತೆಯಲ್ಲ, ಬರೀ ಗುರುತು, ನಮ್ಮ ಪಿನ್‌ಕೋಡಿನ ಹಾಗೆ. ಬೆಂಗಳೂರಿನ ದೊಡ್ಡ ಅಂಚೆ ಕಚೇರಿಯದು 560001, ಮೈಸೂರಿನದು 570001. ಮಂಡ್ಯ ಇವೆರಡರ ನಡುವೆ ಇರುವ ಊರಾದರೂ ಅದರ ಪಿನ್‌ಕೋಡ್ 571401, ಎರಡಕ್ಕಿಂತಲೂ ದೊಡ್ಡದು. ಭೂಹೊದಿಕೆಯ ಸಂಖ್ಯೆಗಳೂ ಹಾಗೆಯೇ: ಯಾರೋ ಕೂತು ಪಟ್ಟಿ ಮಾಡುವಾಗ ಹಿಮವನ್ನು ಹದಿನೈದನೆಯ ಸಾಲಿಗೆ ಬರೆದರು, ಅಷ್ಟೇ. ಇಪ್ಪತ್ತನೆಯ ಸಾಲಿಗೆ ಬರೆದಿದ್ದರೆ ಈ ಕೆರೆದಂಡೆಯಲ್ಲಿ ಬೇರೇನಾದರೂ ಹುಟ್ಟುತ್ತಿತ್ತು.

ರಾಸ್ಟರಿನ ಚೌಕದ ಅಳತೆ ಬದಲಾದಾಗ ಹೊಸ ಚೌಕಗಳಿಗೆ ಹಳೆಯವುಗಳಿಂದ ಬೆಲೆ ಕೊಡುವ ಈ ಕೆಲಸಕ್ಕೆ ರೀಸ್ಯಾಂಪ್ಲಿಂಗ್ ಎಂದು ಹೆಸರು. ಚೌಕವನ್ನು ಚಿಕ್ಕದು ಮಾಡಿದರೂ ಇದು ಬೇಕು, ದೊಡ್ಡದು ಮಾಡಿದರೂ ಬೇಕು. ಅಳತೆ ಹಾಗೇ ಇದ್ದು ನಕ್ಷೆಯ ಪ್ರಕ್ಷೇಪ ಮಾತ್ರ ಬದಲಾದರೂ ಬೇಕು, ಏಕೆಂದರೆ ಹೊಸ ಚೌಕಗಳು ಹಳೆಯ ಚೌಕಗಳ ಮೇಲೆ ಕೊಂಚ ಓರೆಯಾಗಿ ಕೂರುತ್ತವೆ. ವಿಧಾನಗಳು ಹಲವು, ಆದರೆ ಬುಡದಲ್ಲಿರುವುದು ಎರಡೇ ಮನೋಭಾವ. ಒಂದು, ಹೊಸ ಚೌಕದ ನಡುಬಿಂದುವಿಗೆ ಯಾವ ಹಳೆಯ ಚೌಕ ಹತ್ತಿರವೋ ಅದರ ಸಂಖ್ಯೆಯನ್ನು ಹಾಗೇ ಎತ್ತಿಕೊಳ್ಳುವುದು. ಇದೇ ನಿಯರೆಸ್ಟ್ ನೈಬರ್. ಇನ್ನೊಂದು, ಸುತ್ತಲಿನ ಕೆಲವು ಚೌಕಗಳನ್ನು ಕೇಳಿ ಅವುಗಳಿಂದ ಹೊಸ ಸಂಖ್ಯೆ ಕಟ್ಟುವುದು. ಬೈಲೀನಿಯರ್ ನಾಲ್ಕು ಚೌಕಗಳನ್ನು ಕೇಳುತ್ತದೆ, ಕ್ಯೂಬಿಕ್ ಹದಿನಾರನ್ನು. ಕ್ಯೂಬಿಕ್‌ಗೆ ಇನ್ನೊಂದು ಗುಣವಿದೆ: ಅಂಚು ಚೂಪಾಗಿ ಕಾಣಲೆಂದು ಅದು ಕೆಲವೊಮ್ಮೆ ಮೂಲದ ಎಲ್ಲೆಯನ್ನೂ ದಾಟುತ್ತದೆ. 10 ಮತ್ತು 40 ಮಾತ್ರ ಇದ್ದ ಕಡೆ 8 ಅಥವಾ 42 ಬಂದು ಕೂರಬಹುದು.

ಬೆರೆಸುವ ವಿಧಾನಗಳನ್ನು ಕೆಟ್ಟವೆಂದು ತಳ್ಳಿಹಾಕುವಂತಿಲ್ಲ. ಗುಡ್ಡದ ಮೇಲೆ ಒಂದು ಚೌಕ 800 ಮೀಟರ್ ಎತ್ತರ, ಪಕ್ಕದ್ದು 820 ಮೀಟರ್ ಇದ್ದರೆ ನಡುವೆ ನಿಂತವನ ಕಾಲಡಿಯ ಎತ್ತರ 810ರ ಆಸುಪಾಸಿನಲ್ಲೇ ಇರುತ್ತದೆ. ಉಷ್ಣತೆ, ಮಳೆ, ಮಣ್ಣಿನ ತೇವ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಅಲ್ಲಿ ನಿಯರೆಸ್ಟ್ ನೈಬರ್ ಬಳಸುವುದೇ ತಪ್ಪು: ಎತ್ತರದ ನಕ್ಷೆ ಮೆಟ್ಟಿಲು ಮೆಟ್ಟಿಲಾಗುತ್ತದೆ, ಅದರಿಂದ ಇಳಿಜಾರಿನ ಲೆಕ್ಕ ತೆಗೆದರೆ ಸಮತಟ್ಟು ಮತ್ತು ಕಡಿದಾದ ಗೆರೆಗಳು ಪಟ್ಟೆಪಟ್ಟೆಯಾಗಿ ಮೂಡುತ್ತವೆ. ಹಾಗಾಗಿ ವಿಧಾನ ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನನ್ನ ಕಡತದ ಎರಡು ಸಂಖ್ಯೆಗಳ ನಡುವಿನ ಸಂಖ್ಯೆಗೆ ನೆಲದ ಮೇಲೆ ಏನಾದರೂ ಅರ್ಥವಿದೆಯೇ?

ಹಿಮದ ಉದಾಹರಣೆಯಲ್ಲಿ ತಪ್ಪು ಕಣ್ಣಿಗೆ ಹೊಡೆಯುತ್ತದೆ, ನಕ್ಕು ಸರಿಪಡಿಸಿಕೊಳ್ಳಬಹುದು. ಅಪಾಯ ಇರುವುದು ನಗು ಬರಿಸದ ತಪ್ಪುಗಳಲ್ಲಿ. ಅದನ್ನು ನೋಡಲು ಬಂಡೀಪುರ ಕಾಡಿನ ಅಂಚಿಗೆ, ಗುಂಡ್ಲುಪೇಟೆ ಕಡೆಯ ಹೊಲಗಳಿಗೆ ಬರೋಣ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ ಎಂಬ ನಕ್ಷೆ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಸೆಂಟಿನೆಲ್-1 ಮತ್ತು ಸೆಂಟಿನೆಲ್-2 ಉಪಗ್ರಹಗಳ ಮಾಹಿತಿಯಿಂದ 2020 ಮತ್ತು 2021ನೆಯ ವರ್ಷಗಳಿಗೆ ಮಾಡಿದ್ದು, ಚೌಕ 10 ಮೀಟರಿನದು. ಹನ್ನೊಂದು ವರ್ಗಗಳ ಈ ಪಟ್ಟಿಯಲ್ಲಿ ಸಂಖ್ಯೆಗಳು ಹತ್ತು ಹತ್ತರ ಅಂತರದಲ್ಲಿವೆ (ಮ್ಯಾಂಗ್ರೋವ್ ಒಂದಕ್ಕೆ ಮಾತ್ರ 95). ನಮಗೆ ಬೇಕಾದವು ಇಷ್ಟು: 10 ಮರ, 20 ಕುರುಚಲು, 30 ಹುಲ್ಲು, 40 ಬೆಳೆಭೂಮಿ, 50 ಕಟ್ಟಡ, 60 ಬರಿನೆಲ, 80 ನೀರು.

ಈ ನಕ್ಷೆ ಬರುವುದು ಅಕ್ಷಾಂಶ-ರೇಖಾಂಶದ ಲೆಕ್ಕದಲ್ಲಿ. ಡಿಗ್ರಿಯ ಹನ್ನೆರಡು ಸಾವಿರದಲ್ಲೊಂದು ಪಾಲು ಒಂದು ಚೌಕ. ಬಂಡೀಪುರದ ಅಕ್ಷಾಂಶದಲ್ಲಿ ಅದು ಒಂಬತ್ತು ಮೀಟರಿಗೆ ತುಸು ಹೆಚ್ಚು. ಹೆಕ್ಟೇರ್ ಲೆಕ್ಕ ಬೇಕೆಂದರೆ ಮೀಟರಿನಲ್ಲಿರುವ ಪ್ರಕ್ಷೇಪಕ್ಕೆ, ಇಲ್ಲಿಗಾದರೆ ಯುಟಿಎಂ ವಲಯ 43ಕ್ಕೆ, ತಿರುಗಿಸಿಕೊಳ್ಳುವುದು ರೂಢಿ. ಯಾರಿಗೂ ಇದೊಂದು ರೀಸ್ಯಾಂಪ್ಲಿಂಗ್ ಎಂದು ಅನಿಸುವುದೂ ಇಲ್ಲ.

ಕಾಡಿನ ಕೊನೆಯ ಚೌಕ 10, ಅದಕ್ಕೆ ಒತ್ತಿಕೊಂಡ ಚೆಂಡುಹೂವಿನ ಹೊಲದ ಮೊದಲ ಚೌಕ 40 ಎಂದಿಟ್ಟುಕೊಳ್ಳಿ. ಹೊಸ ಚೌಕದ ನಡುಬಿಂದು ಇವೆರಡರ ನಡುಬಿಂದುಗಳ ಮಧ್ಯೆ ಎಲ್ಲೋ ಬೀಳುತ್ತದೆ. ಕಾಡಿನಿಂದ ಮೂರನೇ ಒಂದು ಪಾಲು ದೂರದಲ್ಲಿ ಬಿದ್ದರೆ ಬೈಲೀನಿಯರ್ ಲೆಕ್ಕ ಹೀಗಾಗುತ್ತದೆ: 10ರ ಮೂರನೇ ಎರಡು ಪಾಲು, 40ರ ಮೂರನೇ ಒಂದು ಪಾಲು, ಒಟ್ಟು 20. ಕುರುಚಲು! ಮೂರನೇ ಎರಡು ಪಾಲು ದೂರದಲ್ಲಿ ಬಿದ್ದರೆ 30, ಅಂದರೆ ಹುಲ್ಲು. ಸರಿಯಾಗಿ ನಡುವೆ ಬಿದ್ದರೆ 25, ಪಟ್ಟಿಯಲ್ಲೇ ಇಲ್ಲದ ಸಂಖ್ಯೆ. ಇನ್ನು ಕೆರೆಯ 80 ಮತ್ತು ಹೊಲದ 40ರ ನಡುವೆ 60 ಹುಟ್ಟಿ, ನೀರಿನ ಸುತ್ತ ಬರಿನೆಲದ ಉಂಗುರ ಕಾಣಿಸುತ್ತದೆ.

ಈಗ ಇದನ್ನು ಪರಿಸರ ಬಲ್ಲವರ ಕಣ್ಣಿನಿಂದ ನೋಡಿ. ಕಾಡು, ಅಂಚಿನಲ್ಲಿ ಕುರುಚಲು, ಆಮೇಲೆ ಹುಲ್ಲು, ಆಮೇಲೆ ಹೊಲ. ಎಷ್ಟು ಸಹಜವಾಗಿದೆ! ಬಂಡೀಪುರದಲ್ಲಿ ಲಂಟಾನ ಹಬ್ಬಿರುವುದು ಎಲ್ಲರಿಗೂ ಗೊತ್ತು; ಅಂಚಿನಲ್ಲಿ ಪೊದೆ ಕಂಡರೆ ಯಾರು ಅನುಮಾನ ಪಡುತ್ತಾರೆ? ಕೆರೆಯ ಸುತ್ತ ನೀರಿಳಿದ ಬರಿನೆಲವೂ ಬೇಸಿಗೆಯಲ್ಲಿ ಇದ್ದೇ ಇರುತ್ತದೆ. ನೆಲದ ಮೇಲೆ ಇರಬಹುದಾದದ್ದನ್ನೇ ಲೆಕ್ಕ ಹುಟ್ಟಿಸಿಬಿಟ್ಟಾಗ, ನೋಡಿ ನಗುವ ಅವಕಾಶವೂ ಇಲ್ಲವಾಗುತ್ತದೆ.

ಪಟ್ಟಿಯಲ್ಲಿಲ್ಲದ 13, 17, 25ರಂಥ ಸಂಖ್ಯೆಗಳು ನಮ್ಮನ್ನು ಎಚ್ಚರಿಸಬೇಕು. ಆದರೆ ಅವನ್ನು ಕಂಡವರು ಎಷ್ಟೋ ಸಲ ಮಾಡುವ ಕೆಲಸ ಬೇರೆ: 15ರಿಂದ 25ರವರೆಗಿನದನ್ನು 20 ಮಾಡು, 25ರಿಂದ 35ರವರೆಗಿನದನ್ನು 30 ಮಾಡು ಎಂದು ‘ಸ್ವಚ್ಛ’ಗೊಳಿಸುವುದು. ಆಗ ಕುರುಹೂ ಅಳಿಸಿಹೋಗುತ್ತದೆ. ಬೆರೆಕೆಯ ಪಟ್ಟಿಯ ಅಗಲ ಹೆಚ್ಚುಕಡಿಮೆ ಒಂದು ಚೌಕದಷ್ಟು. ಹತ್ತು ಮೀಟರ್ ಎಂದುಕೊಂಡರೆ ಒಂದು ಕಿಲೋಮೀಟರ್ ಕಾಡಂಚಿಗೆ ಒಂದು ಹೆಕ್ಟೇರ್. ಅದರಲ್ಲಿ ಮೂರನೇ ಒಂದು ಪಾಲು ಹುಸಿ ಕುರುಚಲು, ಇನ್ನೊಂದು ಪಾಲು ಹುಸಿ ಹುಲ್ಲು. ಕಾಡಿನ ಅಂಚು ನೇರವಾದ ಗೆರೆಯಲ್ಲ. ಹೊಲಗಳ ನಡುವಿನ ಒಂದೊಂದು ತೋಪಿಗೂ ತನ್ನದೇ ಅಂಚಿದೆ. ಭೂಮಿ ತುಂಡು ತುಂಡಾಗಿರುವ ನಮ್ಮಂಥ ಕಡೆ ಈ ಅಂಚುಗಳೆಲ್ಲ ಸೇರಿದರೆ ಸಣ್ಣ ಮೊತ್ತವಾಗುವುದಿಲ್ಲ.

ನಿಯರೆಸ್ಟ್ ನೈಬರ್ ಇಲ್ಲಿ ಒಪ್ಪುವುದು ಅದರ ಜಾಣತನಕ್ಕಲ್ಲ, ಅದು ಹೊಸದೇನನ್ನೂ ಹೇಳುವುದಿಲ್ಲ ಎಂಬುದಕ್ಕೆ. ಮೂಲದಲ್ಲಿ 10 ಮತ್ತು 40 ಇದ್ದರೆ ಫಲಿತಾಂಶದಲ್ಲೂ ಅವೆರಡೇ. ಜಿಡಿಎಎಲ್ ತಂತ್ರಾಂಶದಲ್ಲಿ ಈ ಕೆಲಸಕ್ಕೆ ಒಂದೇ ಸಾಲು ಸಾಕು:

```
gdalwarp -t_srs EPSG:32643 -tr 10 10 -r near worldcover.tif utm.tif
```

`-r near` ಎಂದು ಬರೆಯದಿದ್ದರೂ ಅದು ಇದೇ ವಿಧಾನ ಹಿಡಿಯುತ್ತದೆ. ಆದರೂ ಬರೆಯುವುದು ಒಳ್ಳೆಯದು. ನಾಳೆ ಆ ಸಾಲನ್ನು ಓದುವವರಿಗೆ ಇದು ಮರೆವಲ್ಲ, ಆಯ್ಕೆ ಎಂದು ತಿಳಿಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೊಸ ಚೌಕದ ನಡುಬಿಂದು ಹಳೆಯ ಚೌಕದ ಮೂಲೆಯಲ್ಲಿ ಬಿದ್ದರೂ ಆ ಚೌಕದ ಸಂಖ್ಯೆಯೇ ಪೂರ್ತಿ ಬರುತ್ತದೆ. ಹಾಗಾಗಿ ಗಡಿಗಳು ಅರ್ಧ ಚೌಕದವರೆಗೆ, ಇಲ್ಲಿ ನಾಲ್ಕೂವರೆ ಮೀಟರಿನಷ್ಟು, ಅತ್ತಿತ್ತ ಸರಿಯಬಹುದು. ಒಂಬತ್ತು ಚಿಲ್ಲರೆ ಮೀಟರಿನ ಚೌಕಗಳಿಂದ ಹತ್ತು ಮೀಟರಿನವು ಹುಟ್ಟುವಾಗ, ಹನ್ನೊಂದು-ಹನ್ನೆರಡು ಸಾಲಿಗೆ ಒಂದು ಸಾಲನ್ನು ಯಾರೂ ಕೇಳುವುದೇ ಇಲ್ಲ. ಒಂದೇ ಚೌಕದ ಅಗಲದ ಕಾಲುವೆ ಅಲ್ಲಲ್ಲಿ ಕಡಿದುಹೋಗುವುದು ಇದರಿಂದಲೇ. ಮತ್ತೆ ಮತ್ತೆ ಪ್ರಕ್ಷೇಪ ಬದಲಿಸಿದರೆ ಈ ಸರಿತ ಒಂದರ ಮೇಲೊಂದು ಕೂಡುತ್ತದೆ, ಆದ್ದರಿಂದ ಮೂಲದಿಂದ ಗುರಿಗೆ ಒಂದೇ ಹೆಜ್ಜೆಯಲ್ಲಿ ಹೋಗಬೇಕು. ಚೌಕವನ್ನು ಚಿಕ್ಕದು ಮಾಡುವಾಗಲಂತೂ ಇದು ಹೊಸ ವಿವರ ಕೊಡುವುದೇ ಇಲ್ಲ. ಮೋಡಿಸ್‌ನ ಒಂದು ಚೌಕವನ್ನು ನೂರಾರು ಪುಟ್ಟ ಚೌಕಗಳಾಗಿ ಒಡೆದು ಎಲ್ಲದಕ್ಕೂ ಒಂದೇ ಸಂಖ್ಯೆ ಬರೆಯುತ್ತದೆ. ಅಂಚು ಮೆಟ್ಟಿಲಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಆ ಮೆಟ್ಟಿಲೇ ಪ್ರಾಮಾಣಿಕ: ಇದಕ್ಕಿಂತ ಹೆಚ್ಚು ತನಗೆ ತಿಳಿಯದು ಎಂದು ನಕ್ಷೆ ಒಪ್ಪಿಕೊಂಡಂತೆ.

ಇಲ್ಲಿಯವರೆಗಿನದು ಪಠ್ಯಪುಸ್ತಕಗಳೂ ಹೇಳುವ ಮಾತು: ಅಳತೆಗೆ ಬೈಲೀನಿಯರ್, ವರ್ಗಕ್ಕೆ ನಿಯರೆಸ್ಟ್ ನೈಬರ್. ಆದರೆ ಚೌಕವನ್ನು ಬಹಳ ದೊಡ್ಡದು ಮಾಡುವಾಗ ಈ ಸೂತ್ರವನ್ನು ಕಣ್ಣುಮುಚ್ಚಿ ಪಾಲಿಸುವಂತಿಲ್ಲ.

ಹತ್ತು ಮೀಟರಿನಿಂದ ಮೂವತ್ತಕ್ಕೆ ಹೋಗುವಾಗ ಒಂಬತ್ತು ಚೌಕಗಳು ಒಂದಾಗುತ್ತವೆ. ಆ ಒಂಬತ್ತರಲ್ಲಿ ನಾಲ್ಕು ಮರ, ಮೂರು ಬೆಳೆಭೂಮಿ, ಎರಡು ನೀರು ಇವೆಯೆನ್ನಿ. ಸರಾಸರಿ ತೆಗೆದರೆ 35.6, ಅರ್ಥವಿಲ್ಲದ ಸಂಖ್ಯೆ. ನಿಯರೆಸ್ಟ್ ನೈಬರ್ ನಟ್ಟನಡುವಿನ ಚೌಕವನ್ನು ಮಾತ್ರ ನೋಡುತ್ತದೆ; ಅಲ್ಲಿ ಹೊಲವಿದ್ದರೆ 40, ಉಳಿದ ಎಂಟನ್ನು ಕೇಳುವುದಿಲ್ಲ. ಮೂರನೆಯ ದಾರಿ ಬಹುಮತ: ಯಾವ ವರ್ಗ ಹೆಚ್ಚು ಸಲ ಬಂದಿದೆಯೋ ಅದು. ಜಿಡಿಎಎಲ್‌ನಲ್ಲಿ ಇದಕ್ಕೆ `-r mode`. ಇಲ್ಲಿ ಮರ ಗೆಲ್ಲುತ್ತದೆ, ಒಂಬತ್ತರಲ್ಲಿ ಐದು ಮರವಲ್ಲದಿದ್ದರೂ.

ನೂರು ಮೀಟರಿಗೆ ಹೋದರೆ ನೂರು ಚೌಕಗಳು ಒಂದಾಗುತ್ತವೆ. ನಿಯರೆಸ್ಟ್ ನೈಬರ್ ಆಗ ನೂರರಲ್ಲಿ ಒಂದನ್ನು ಚೀಟಿ ಎತ್ತಿದ ಹಾಗೆ. ಬದುಗಳ ಮೇಲೆ ಹೊಂಗೆ, ಬೇವು, ತೆಂಗು ಚದುರಿರುವ ಒಂದು ಬಯಲನ್ನು ಊಹಿಸಿಕೊಳ್ಳಿ. ಎಲ್ಲಿ ನೋಡಿದರೂ ನೂರಕ್ಕೆ ಇಪ್ಪತ್ತು ಪಾಲು ಮರ, ಎಂಬತ್ತು ಪಾಲು ಹೊಲ. ಬಹುಮತದ ಲೆಕ್ಕದಲ್ಲಿ ಪ್ರತಿ ಚೌಕದಲ್ಲೂ ಹೊಲವೇ ಗೆಲ್ಲುತ್ತದೆ. ಇಡೀ ತಾಲ್ಲೂಕಿನ ನಕ್ಷೆಯಲ್ಲಿ ಒಂದು ಮರವೂ ಉಳಿಯುವುದಿಲ್ಲ! ನಿಯರೆಸ್ಟ್ ನೈಬರ್‌ನಲ್ಲಿ ಹೆಚ್ಚುಕಡಿಮೆ ಐದಕ್ಕೊಂದು ಚೌಕ ಮರ ಎಂದು ಬರುತ್ತದೆ. ಹೀಗಾಗಿ ತಾಲ್ಲೂಕಿನ ಒಟ್ಟು ಪಾಲು ಬಹುತೇಕ ಸರಿ ಉಳಿಯುತ್ತದೆ, ಆದರೆ ಯಾವ ಚೌಕ ಮರ ಎಂಬುದು ಅದೃಷ್ಟದ ಮಾತು. ಅಲ್ಲಿಗೆ ಹೋಗಿ ನೋಡಿದರೆ ಅದೂ ಪಕ್ಕದ ಹೊಲದಂತೆಯೇ ಇರುತ್ತದೆ.

ಹಾಗಾಗಿ ದೊಡ್ಡ ಚೌಕಕ್ಕೆ ಹೋಗುವಾಗ ನಕ್ಷೆ ಯಾವುದಕ್ಕೆ ಬೇಕು ಎಂಬುದು ವಿಧಾನವನ್ನು ತೀರ್ಮಾನಿಸುತ್ತದೆ. ಪ್ರತಿ ದೊಡ್ಡ ಚೌಕದಲ್ಲಿ ಮೇಲುಗೈ ಯಾವುದರದು ಎಂಬುದು ಬೇಕಿದ್ದರೆ ಬಹುಮತ ಸರಿ. ಮೂಲ ನಕ್ಷೆಯ ಚಿಲ್ಲರೆ ತಪ್ಪುಗಳನ್ನೂ ಅದು ಒಂದಿಷ್ಟು ಒರೆಸಿಹಾಕುತ್ತದೆ, ಮತ್ತು ಆ ತಪ್ಪುಗಳು ಕಡಿಮೆಯೇನಿಲ್ಲ. 2021ರ ವರ್ಲ್ಡ್‌ಕವರ್‌ನ ಒಟ್ಟಾರೆ ನಿಖರತೆ ಶೇ 76.7. ಆದರೆ ಸಣ್ಣ ಕೆರೆಕುಂಟೆ, ಹಳ್ಳಿಯ ಮನೆಗಳ ಗುಂಪು, ಬದುವಿನ ಮರ ಮುಖ್ಯವಾಗಿದ್ದರೆ ಬಹುಮತಕ್ಕೆ ಹೋಗಬಾರದು. ಆಗ ವರ್ಗದ ಸಂಖ್ಯೆಯನ್ನೇ ಬಿಟ್ಟು ಪಾಲು ಲೆಕ್ಕ ಹಾಕುವುದು ಮೇಲು: ಮರ ಇದ್ದ ಕಡೆ 1, ಇಲ್ಲದ ಕಡೆ 0 ಎಂದು ಮಾಡಿ, ಆಮೇಲೆ ಸರಾಸರಿ.

```
gdal_calc.py -A utm.tif --calc="(A==10)*1.0" --type=Float32 --outfile=mara.tif
gdalwarp -tr 100 100 -r average mara.tif mara_100.tif
```

ಈವರೆಗೆ ಬೈದ ಸರಾಸರಿಯೇ ಇಲ್ಲಿ ನ್ಯಾಯವಾಗಿ ಬರುತ್ತದೆ, ಏಕೆಂದರೆ 0 ಮತ್ತು 1ರ ನಡುವಿನ 0.20ಕ್ಕೆ ಅರ್ಥವಿದೆ: ಈ ಚೌಕದ ಐದನೇ ಒಂದು ಪಾಲು ಮರ. ವರ್ಗಕ್ಕೊಂದು ಕಡತ ಬೇಕಾಗುತ್ತದೆ ಎಂಬುದಷ್ಟೇ ತೊಂದರೆ. ಎಲ್ಲ ವರ್ಗಗಳ ಪಾಲು ಕೂಡಿಸಿದಾಗ ಪ್ರತಿ ಚೌಕದಲ್ಲೂ 1 ಬರಬೇಕು. ಬರದಿದ್ದರೆ ಎಲ್ಲೋ ಒಂದು ವರ್ಗ ಬಿಟ್ಟುಹೋಗಿದೆ.

ಇನ್ನು ಬೇರೆಯವರು ಕೊಟ್ಟ ಕಡತದಲ್ಲಿ ಇಂಥ ಬೆರೆಕೆ ಆಗಿದೆಯೇ ಎಂದು ಪತ್ತೆ ಮಾಡುವುದು ಹೇಗೆ? ಮೊದಲ ಪರೀಕ್ಷೆ ಸುಲಭ. ಕ್ಯೂಜಿಐಎಸ್‌ನಲ್ಲಿ `Raster layer unique values report` ಎಂಬ ಸಾಧನವಿದೆ. ಅದು ಕಡತದಲ್ಲಿ ಯಾವ ಯಾವ ಸಂಖ್ಯೆ ಎಷ್ಟು ಸಲ ಬಂದಿದೆ ಎಂದು ಪಟ್ಟಿ ಕೊಡುತ್ತದೆ. ವರ್ಲ್ಡ್‌ಕವರ್‌ನಲ್ಲಿ 23 ಅಥವಾ 36 ಕಂಡರೆ ಮಾತು ಮುಗಿಯಿತು. ಆಗ ಪಕ್ಕದ 20 ಮತ್ತು 30ನ್ನೂ ನಂಬುವಂತಿಲ್ಲ. ಆದರೆ ಮೋಡಿಸ್‌ನ ಹಾಗೆ 1, 2, 3 ಎಂದು ಎಡೆಬಿಡದೆ ಎಣಿಸಿದ ಪಟ್ಟಿಯಲ್ಲಿ ಈ ಪರೀಕ್ಷೆ ಏನೂ ಹೇಳದು, ಏಕೆಂದರೆ ಪೂರ್ಣಾಂಕಕ್ಕೆ ತಿರುಗಿದ ಪ್ರತಿ ಸರಾಸರಿಯೂ ಯಾವುದೋ ಒಂದು ವರ್ಗದ ಹೆಸರು ಹೊತ್ತಿರುತ್ತದೆ. ಅಲ್ಲಿ ಆಕಾರ ನೋಡಬೇಕು. ನಿಜವಾದ ಕುರುಚಲು ಎಲ್ಲಾದರೂ ಒಂದು ಕಡೆ ತನ್ನದೇ ಹರವಿನಲ್ಲಿ ಇರುತ್ತದೆ. ಎಲ್ಲೂ ಹರವಾಗಿ ಸಿಗದೆ, ಬೇರೆ ಎರಡು ವರ್ಗಗಳ ಗಡಿಯಲ್ಲಿ ಮಾತ್ರ ಒಂದೇ ಅಗಲದ ದಾರದ ಹಾಗೆ ಸುತ್ತಿಕೊಂಡಿರುವ ವರ್ಗ ನೆಲದಿಂದ ಬಂದದ್ದಲ್ಲ.

`-r near` ಎಂದು ಸರಿಯಾಗಿ ಬರೆದರೂ ಹುಸಿ ವರ್ಗ ನುಸುಳುವ ಒಂದು ಹಿಂಬಾಗಿಲಿದೆ, ಬಲ್ಲವರೂ ಅಲ್ಲಿ ಎಡವುತ್ತಾರೆ. ದೊಡ್ಡ ರಾಸ್ಟರ್ ಪರದೆಯ ಮೇಲೆ ಬೇಗ ತೆರೆದುಕೊಳ್ಳಲೆಂದು ಅದರೊಳಗೇ ಕಿರಿದಾದ ಪ್ರತಿಗಳನ್ನು ಮಾಡಿಡುತ್ತಾರೆ. ಪಿರಮಿಡ್ ಎಂದೋ ಓವರ್‌ವ್ಯೂ ಎಂದೋ ಅವಕ್ಕೆ ಹೆಸರು. ಅವನ್ನು ಮಾಡಿದವರು ಸರಾಸರಿ ವಿಧಾನ ಬಳಸಿದ್ದರೆ ಆ ಪ್ರತಿಗಳಲ್ಲಿ ಆಗಲೇ 25, 36 ತುಂಬಿರುತ್ತವೆ. ನೀವು ದೊಡ್ಡ ಚೌಕ ಕೇಳಿದಾಗ `gdalwarp` ಸಮಯ ಉಳಿಸಲೆಂದು ಮೂಲವನ್ನು ಬಿಟ್ಟು ಹತ್ತಿರದ ಅಳತೆಯ ಪ್ರತಿಯಿಂದ ಓದುತ್ತದೆ, ಮತ್ತು ಅಲ್ಲಿರುವ ಹುಸಿ ಸಂಖ್ಯೆಯನ್ನೇ ನಿಯರೆಸ್ಟ್ ನೈಬರ್ ನಿಷ್ಠೆಯಿಂದ ಎತ್ತಿಕೊಡುತ್ತದೆ. ಗೂಗಲ್ ಅರ್ಥ್ ಎಂಜಿನ್‌ಗೆ ನಿಮ್ಮ ವರ್ಗನಕ್ಷೆಯನ್ನು ಏರಿಸುವಾಗಲೂ ಇದೇ ಕಥೆ. ಅಲ್ಲಿ ಪಿರಮಿಡ್ ಕಟ್ಟುವ ರೂಢಿಯ ವಿಧಾನ `MEAN`, ಅದನ್ನು `MODE` ಅಥವಾ `SAMPLE` ಎಂದು ನೀವೇ ಬದಲಿಸಬೇಕು. `gdalwarp`ಗಾದರೆ ಆಜ್ಞೆಗೆ `-ovr NONE` ಸೇರಿಸಿದರೆ ಅದು ಮೂಲ ಚೌಕಗಳಿಗೇ ಹೋಗುತ್ತದೆ. ಕೆಲಸ ತುಸು ನಿಧಾನವಾಗುತ್ತದೆ, ಅಷ್ಟೇ.